ಎರಡು ಕಾಯಿಲ್, ನಾಲ್ಕು ತುದಿ, ಒಂದು ಇಡ್ಲಿ ಪಾತ್ರೆ ಮುಚ್ಚಳ

ಮೀಡಿಯಂ ವೇವ್ ರೇಡಿಯೋಗೆ ಅಂತ ಶುರು ಮಾಡಿದ ಕಾಯಿಲ್ ಕೆಲಸ ಮೂರನೇ ಭಾನುವಾರಕ್ಕೆ ಬಂತು. ಎರಡು ಕಾಯಿಲ್ ನಡುವಿನ ಮ್ಯೂಚುಯಲ್ ಇಂಡಕ್ಟೆನ್ಸ್, ಅಂದರೆ ಒಂದರ ಕರೆಂಟು ಬದಲಾದಾಗ ಇನ್ನೊಂದರಲ್ಲಿ ಎಷ್ಟು ವೋಲ್ಟೇಜ್ ಹುಟ್ಟುತ್ತೆ ಅನ್ನೋದರ ಅಳತೆ, ಎಷ್ಟು ಅಂತ ತಿಳಿದುಕೊಳ್ಳದೆ ಮುಂದೆ ಹೋಗುವ ಹಾಗಿರಲಿಲ್ಲ.

ಹಾಸನದ ಬಿ.ಎಂ. ರಸ್ತೆಯ ಕಡೆ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 26 ಗೇಜ್ ಎನಾಮೆಲ್ ತಂತಿ ತೂಕಕ್ಕೆ ಕೊಟ್ಟರು. "ಇಷ್ಟೇನಾ ಸಾರ್? ಇದ್ರಲ್ಲಿ ಫ್ಯಾನೂ ಸುತ್ತಕ್ಕಾಗಲ್ಲ" ಅಂತ ನಕ್ಕರು. 40 ಮಿಲಿಮೀಟರ್ ಪಿವಿಸಿ ಪೈಪಿನ ತುಂಡಿಗೆ ಕೆಳಗೆ ಒಂದು ಸೆಂಟಿಮೀಟರ್ ಬಿಟ್ಟು 40 ಸುತ್ತು, ಅದಕ್ಕೆ ಅಂಟಿಕೊಂಡ ಹಾಗೆ ಮೇಲೆ 60 ಸುತ್ತು, ಎರಡನ್ನೂ ಒಂದೇ ದಿಕ್ಕಿಗೆ ಸುತ್ತಿದೆ. ತುದಿಗಳನ್ನು ಬ್ಲೇಡಿನಿಂದ ಕೆರೆದು ಹೊಳೆಯುವ ಹಾಗೆ ಮಾಡಿದೆ. ಎನಾಮೆಲ್ ಸ್ವಲ್ಪ ಉಳಿದರೂ ಇಂಡಕ್ಟೆನ್ಸ್ ಮೀಟರಿನ ಅಂಕಿ ಕುಣಿಯುತ್ತೆ.

ಅಳೆಯುವ ರೀತಿ ಸುಲಭ. ಮೊದಲ ಕಾಯಿಲಿನ ಕೊನೆಯನ್ನು ಎರಡನೆಯದರ ಆರಂಭಕ್ಕೆ ಸೇರಿಸಿದರೆ ಕರೆಂಟು ಎರಡರಲ್ಲೂ ಒಂದೇ ಕಡೆ ಸುತ್ತುತ್ತೆ. ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಕೂಡುತ್ತೆ. ಇದು ಸೀರೀಸ್ ಏಡಿಂಗ್. ಮೊದಲನೆಯದರ ಕೊನೆಯನ್ನು ಎರಡನೆಯದರ ಕೊನೆಗೆ ಸೇರಿಸಿ, ಎರಡು ಆರಂಭಗಳ ನಡುವೆ ಅಳೆದರೆ ಅದು ಕಳೆಯುತ್ತೆ. ಇದು ಸೀರೀಸ್ ಅಪೋಸಿಂಗ್. ಮೊದಲನೆಯದು ಎರಡನೆಯದರ ಮೇಲೆ, ಎರಡನೆಯದು ಮೊದಲನೆಯದರ ಮೇಲೆ, ಹೀಗೆ ಎರಡು ಸಲ ಪರಿಣಾಮ ಆಗೋದರಿಂದ ಏಡಿಂಗ್‌ನಲ್ಲಿ 2M ಜಾಸ್ತಿ, ಅಪೋಸಿಂಗ್‌ನಲ್ಲಿ 2M ಕಮ್ಮಿ. ವ್ಯತ್ಯಾಸ 4M. L1, L2 ಒಂದೊಂದೇ ಕಾಯಿಲಿನ ಇಂಡಕ್ಟೆನ್ಸ್, La ಏಡಿಂಗ್, Lb ಅಪೋಸಿಂಗ್, M ಮ್ಯೂಚುಯಲ್ ಇಂಡಕ್ಟೆನ್ಸ್:

```
La = L1 + L2 + 2M
Lb = L1 + L2 - 2M
M  = (La - Lb) / 4
```

ಯಾವ ತುದಿ ಆರಂಭ ಅಂತ ಮರೆತಿದ್ದರೂ ತೊಂದರೆ ಇಲ್ಲ. ದೊಡ್ಡ ಅಂಕಿ ಬಂದಿದ್ದೇ ಏಡಿಂಗ್.

ಮೀಟರನ್ನು 100 ಕಿಲೋಹರ್ಟ್ಸ್‌ಗೆ ಇಟ್ಟು ಅಳೆದೆ. ಒಂದೊಂದೇ ಕಾಯಿಲ್ 62.8 ಮತ್ತು 119.3 ಮೈಕ್ರೋಹೆನ್ರಿ. ಏಡಿಂಗ್ 225.8, ಅಪೋಸಿಂಗ್ 138.6. ವ್ಯತ್ಯಾಸ 87.2, ಅಂದರೆ M 21.8. ಒಂದು ತಾಳೆಯೂ ನೋಡಿದೆ: La ಮತ್ತು Lb ಕೂಡಿದರೆ L1 + L2 ರ ಎರಡರಷ್ಟು ಬರಬೇಕು. 364.4 ಬಂತು, ಬರಬೇಕಾದ್ದು 364.2. ಇನ್ನೇನು ಬೇಕು? ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಅಷ್ಟರಲ್ಲಿ ಅಮ್ಮ ಬಂದರು. "ಬೆಳಗ್ಗಿಂದ ಹುಡುಕ್ತಾ ಇದೀನಿ, ಇಡ್ಲಿ ಪಾತ್ರೆ ಮುಚ್ಚಳ ಇಲ್ಲಿದೆಯಾ?" ಮೇಜು ಅಲುಗಾಡುತ್ತೆ ಅಂತ ಪೈಪನ್ನು ನಿಲ್ಲಿಸೋಕೆ ಆ ಅಲ್ಯೂಮಿನಿಯಂ ಮುಚ್ಚಳವನ್ನು ಕವುಚಿ ಇಟ್ಟಿದ್ದೆ. ಅಮ್ಮ ಪೈಪ್ ಎತ್ತಿಟ್ಟು ಮುಚ್ಚಳ ತಗೊಂಡು ಹೋದರು. ಸುಮ್ನೆ ಒಂದು ಫೋಟೋ ತೆಗೆಯೋಣ ಅಂತ ಏಡಿಂಗ್ ಮತ್ತೆ ಅಳೆದರೆ 235.2!

ತಂತಿ ಸಡಿಲ ಆಗಿರಬೇಕು ಅಂತ ಮತ್ತೆ ಕೆರೆದೆ. ಬದಲಾಗಲಿಲ್ಲ. ನಾಲ್ಕನ್ನೂ ಮತ್ತೆ ಅಳೆದೆ: 67.2, 119.9, 235.2, 139.1. M ಈಗ 24.0. ಈ ಸಲವೂ ತಾಳೆ ಸರಿಹೋಯಿತು, 374.3 ಮತ್ತು 374.2.

ಆಮೇಲೆ ಹೊಳೆಯಿತು. ಮುಚ್ಚಳದಲ್ಲಿ ಎಡ್ಡಿ ಕರೆಂಟು, ಅಂದರೆ ಲೋಹದೊಳಗೇ ಸುತ್ತುವ ಕರೆಂಟು, ಹರಿದು ಕಾಯಿಲಿನ ಕಾಂತಕ್ಷೇತ್ರವನ್ನು ಎದುರಿಸುತ್ತೆ. ಅದಕ್ಕೇ ಮುಚ್ಚಳದ ಹತ್ತಿರ ಇದ್ದ 40 ಸುತ್ತಿನ ಕಾಯಿಲಿಗೆ ಹೊಡೆತ ಜಾಸ್ತಿ, ಮೇಲಿನದಕ್ಕೆ ಕಮ್ಮಿ. ಆದರೆ ಮುಚ್ಚಳ ನಾಲ್ಕು ಅಳತೆಯಲ್ಲೂ ಹಾಗೇ ಕೂತಿತ್ತು. ಹಾಗಾಗಿ L1, L2, M ಎಲ್ಲವೂ ಬೇರೆಯಾಗಿದ್ದರೂ ಲೆಕ್ಕದ ಸಂಬಂಧ ಕೆಡಲಿಲ್ಲ. ಮಧ್ಯೆ ಏನಾದರೂ ಬದಲಾದರೆ ಮಾತ್ರ ಈ ತಾಳೆ ಅದನ್ನು ಹಿಡಿದುಕೊಡುತ್ತೆ. ಮೊದಲಿನಿಂದ ಪಕ್ಕದಲ್ಲೇ ಕೂತ ಲೋಹ ಅದರ ಕಣ್ಣಿಗೆ ಬೀಳಲ್ಲ. ಅದಕ್ಕೆ ಇರೋ ಉಪಾಯ, ಕಾಯಿಲನ್ನು ಎತ್ತಿ ಬೇರೆ ಜಾಗದಲ್ಲಿಟ್ಟು ಇನ್ನೊಮ್ಮೆ ಅಳೆಯೋದು. ಈಗ ನನ್ನ ಪೈಪ್ ನಿಲ್ಲೋದು ಎರಡು ರಟ್ಟಿನ ಪೆಟ್ಟಿಗೆ ಮೇಲೆ.

ಸಂಜೆ ಪೈಪನ್ನು ಎರಡು ಕಾಯಿಲ್ ನಡುವೆ ಗರಗಸದಿಂದ ಕುಯ್ದು, ಮಧ್ಯೆ ರಟ್ಟಿನ ಕೊಳವೆ ತೂರಿಸಿ 6 ಸೆಂಟಿಮೀಟರ್ ದೂರ ಮಾಡಿದೆ. ಅಲ್ಲಿ ಈ ವಿಧಾನ ಏದುಸಿರು ಬಿಡೋಕೆ ಶುರು ಮಾಡಿತು. ಮೊದಲ ಸಲ 190.3 ಮತ್ತು 185.6, M ಸುಮಾರು 1.2. ಎರಡನೇ ಸಲ 190.6 ಮತ್ತು 185.3, ಸುಮಾರು 1.3. ಮೂರನೇ ಸಲ 189.9 ಮತ್ತು 185.7, ಸುಮಾರು 1.05. ಮೀಟರ್ ತಪ್ಪಿದ್ದು ಮೂರ್ನಾಲ್ಕು ದಶಾಂಶ ಅಷ್ಟೇ. ಆದರೆ ಸುಮಾರು 190ರಿಂದ 185 ಕಳೆದಾಗ ಉಳಿಯೋದೇ ನಾಲ್ಕೈದು, ಅದರಲ್ಲಿ ಆ ದಶಾಂಶವೇ ದೊಡ್ಡದಾಗುತ್ತೆ.

ಇಷ್ಟು ಸಣ್ಣ M ಇದ್ದಾಗ ಒಂದು ಕಾಯಿಲಿಗೆ ಗೊತ್ತಿರೋ ಎಸಿ ಕರೆಂಟು ಕೊಟ್ಟು, ಇನ್ನೊಂದರಲ್ಲಿ ಹುಟ್ಟುವ ವೋಲ್ಟೇಜನ್ನು ನೇರವಾಗಿ ಅಳೆಯೋದು ವಾಸಿ. ಅಲ್ಲಿ ಕಳೆಯುವ ಕೆಲಸವೇ ಇರಲ್ಲ. ಮುಂದಿನ ಭಾನುವಾರ ಗೆಳೆಯನ ಹತ್ತಿರ ಆಸಿಲೋಸ್ಕೋಪ್ ಕೇಳಿದ್ದೀನಿ.