ಹೊಸ ದರ ಪದ್ಧತಿ, ಮೂರು ಡೈರಿ, ಒಂದು ಸಂಜೆ

ಚಿಕ್ಕಬಳ್ಳಾಪುರದಲ್ಲಿರುವ ನಮ್ಮ ಚಿಕ್ಕ ತಂಡವು ಹಳ್ಳಿಯ ಹಾಲು ಉತ್ಪಾದಕರ ಸಂಘಗಳಿಗೆ, ಅಂದರೆ ಊರಿನವರು ಡೈರಿ ಎಂದು ಕರೆಯುವ ಕೇಂದ್ರಗಳಿಗೆ, ಚೀಟಿ ಬರೆಯುವ ತಂತ್ರಾಂಶವನ್ನು ಮಾಡಿಕೊಡುತ್ತದೆ. ರೈತರು ತಂದ ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬನ್ನು ಬಿಟ್ಟು ಉಳಿದ ಘನಾಂಶ, ಮೆಷಿನ್‌ನಿಂದ ಬಂದ ಕೂಡಲೇ ಅದಕ್ಕೆ ತಕ್ಕ ದರ ಹಿಡಿದು ಚೀಟಿ ಮುದ್ರಿಸುವುದು ಅದರ ಕೆಲಸ. ದರದ ಪಟ್ಟಿ ಆಯಾ ಡೈರಿಯ ಯಂತ್ರದಲ್ಲಿಯೇ ಇರುತ್ತಿತ್ತು. ದರ ಪರಿಷ್ಕರಣೆಯಾದಾಗ ಕೆಲವು ಕಡೆ ಹೊಸ ಪಟ್ಟಿ ತಡವಾಗಿ ತಲುಪಿ, ಅಕ್ಕಪಕ್ಕದ ಎರಡು ಊರುಗಳಲ್ಲಿ ಒಂದೇ ಗುಣಮಟ್ಟದ ಹಾಲಿಗೆ ಬೇರೆ ಬೇರೆ ಬೆಲೆ ಬೀಳುತ್ತಿತ್ತು. ಆದ್ದರಿಂದ ಪ್ರತಿ ಚೀಟಿಯ ದರವನ್ನೂ ನಮ್ಮ ಸರ್ವರ್‌ನಿಂದಲೇ ಕೇಳಿ ಪಡೆಯುವ ಹೊಸ ಪದ್ಧತಿಯನ್ನು ಬರೆದೆವು.

ರೈತರ ದುಡ್ಡಿನ ಲೆಕ್ಕವನ್ನು ಎಲ್ಲ ಕಡೆ ಒಮ್ಮೆಗೇ ಬದಲಿಸುವ ಧೈರ್ಯ ಯಾರಿಗೂ ಬರಬಾರದು. ಹೊಸ ಕೋಡನ್ನು ಎಲ್ಲ ಯಂತ್ರಗಳಿಗೂ ಕಳುಹಿಸಿದೆವು, ಆದರೆ ಅದನ್ನು ಒಂದು ಫೀಚರ್ ಫ್ಲ್ಯಾಗ್‌ನ, ಅಂದರೆ ನಾವು ಕುಳಿತಲ್ಲಿಂದಲೇ ಆನ್ ಆಫ್ ಮಾಡಬಹುದಾದ ಸ್ವಿಚ್‌ನ, ಹಿಂದೆ ಇಟ್ಟೆವು. ಫ್ಲ್ಯಾಗ್ ಆನ್ ಇರುವ ಕಡೆ ಮಾತ್ರ ಹೊಸ ದಾರಿ, ಉಳಿದ ಕಡೆ ಹಳೆಯ ಪಟ್ಟಿ. ಚೀಟಿ ಬರೆಯುವ ಭಾಗ ಇಷ್ಟೇ:

```python
def make_slip(society, milk):
    on = flag_on("server_rate", society)
    rate = server_rate(milk) if on else chart_rate(milk)
    return Slip(milk, rate, path="server" if on else "chart")
```

ಇಲ್ಲಿ ಫ್ಲ್ಯಾಗ್‌ನ ಸ್ಥಿತಿಯನ್ನು ಒಂದು ಚೀಟಿಗೆ ಒಂದೇ ಸಲ ಓದುವುದನ್ನು ಗಮನಿಸಬೇಕು. ಎರಡು ಕಡೆ ಓದಿದರೆ, ನಡುವೆ ನಾವು ಫ್ಲ್ಯಾಗ್ ಬದಲಿಸಿದ ಕ್ಷಣದಲ್ಲಿ ದರ ಹೊಸ ದಾರಿಯದು, ಮೊತ್ತ ಹಳೆಯ ದಾರಿಯದು ಎಂಬಂತಹ ಬೆರಕೆ ಚೀಟಿ ಹುಟ್ಟುತ್ತದೆ. ಯಾವ ದಾರಿಯಲ್ಲಿ ಲೆಕ್ಕವಾಯಿತು ಎಂಬ ಗುರುತನ್ನೂ ಚೀಟಿಯಲ್ಲಿಯೇ ಉಳಿಸಿದೆವು. ಅದು ಆಮೇಲೆ ಉಪಯೋಗಕ್ಕೆ ಬಂತು.

ಮೊದಲಿಗೆ ಕೆಲವು ದಿನ ಎರಡೂ ದಾರಿಗಳಲ್ಲಿ ಲೆಕ್ಕ ಹಾಕಿಸಿ, ಹಳೆಯದನ್ನೇ ಮುದ್ರಿಸಿ, ವ್ಯತ್ಯಾಸವನ್ನು ಮಾತ್ರ ದಾಖಲಿಸಿಕೊಂಡೆವು. ದರಗಳು ಪೈಸೆಯವರೆಗೂ ತಾಳೆಯಾದವು. ಅನಂತರ ಮೂರು ಡೈರಿಗಳನ್ನು ಆರಿಸಿದೆವು. ಒಂದೇ ಡೈರಿಯಲ್ಲಿ ಅರ್ಧ ರೈತರಿಗೆ ಹೊಸದು, ಅರ್ಧ ರೈತರಿಗೆ ಹಳೆಯದು ಎಂದು ಹಂಚುವುದು ಸರಿಯಲ್ಲ. ಸಾಲಿನಲ್ಲಿ ಹಿಂದೆ ಮುಂದೆ ನಿಂತವರು ಚೀಟಿಗಳನ್ನು ಹೋಲಿಸಿ ನೋಡಿಯೇ ನೋಡುತ್ತಾರೆ. ಹಾಗಾಗಿ ಇಡೀ ಡೈರಿಯೇ ಒಂದು ಘಟಕ. ಮೂರರಲ್ಲಿ ಒಂದು ಚಿಕ್ಕಬಳ್ಳಾಪುರ ಪಟ್ಟಣದ ಅಂಚಿನದು, ಇನ್ನೊಂದು ಶಿಡ್ಲಘಟ್ಟದ ಕಡೆಯದು, ಮೂರನೆಯದು ಬಾಗೇಪಲ್ಲಿ ತಾಲ್ಲೂಕಿನಲ್ಲಿ ಗುಡ್ಡದ ಮಗ್ಗುಲಲ್ಲಿದ್ದು ನೆಟ್‌ವರ್ಕ್ ಬಂದು ಹೋಗುವ ಊರಿನದು. ಮೂರನೆಯದನ್ನು ಬೇಕೆಂದೇ ಸೇರಿಸಿದೆವು. ಸಲೀಸಾದ ಕಡೆ ಮಾತ್ರ ಪ್ರಯೋಗ ಮಾಡಿದರೆ ಮೊದಲಿನ ಕೆಲವರಿಗೆ ಕೊಟ್ಟು ನೋಡುವುದರ ಉದ್ದೇಶವೇ ಕೆಡುತ್ತದೆ.

ಆ ಸಂಜೆ ಹಾಲು ಅಳೆಯುವ ಹೊತ್ತಿಗೆ ಫ್ಲ್ಯಾಗ್ ಆನ್ ಮಾಡಿ ಪರದೆಯ ಮುಂದೆ ಕುಳಿತೆವು. ದೋಷದ ಸಂದೇಶ ಒಂದೂ ಇಲ್ಲ, ದರಗಳೆಲ್ಲ ಸರಿ, ಮೂರು ಡೈರಿಗಳ ಸರಾಸರಿಯೂ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ನಾವು ಒಂದು ಚೀಟಿಗೂ ಮುಂದಿನ ಚೀಟಿಗೂ ನಡುವಿನ ಅಂತರವನ್ನು ಡೈರಿವಾರು ನೋಡುತ್ತಿದ್ದೆವು. ಗುಡ್ಡದ ಮಗ್ಗುಲಿನ ಡೈರಿಯಲ್ಲಿ ಸಾಮಾನ್ಯವಾಗಿ 50 ಸೆಕೆಂಡ್ ಇರುತ್ತಿದ್ದ ಆ ಅಂತರ 75 ಸೆಕೆಂಡಿಗೆ ಏರಿತ್ತು. ಅಲ್ಲಿ ಹಾಲು ಹಾಕುವವರು ಸುಮಾರು 60 ಮಂದಿ. ತಲಾ 25 ಸೆಕೆಂಡ್ ಹೆಚ್ಚಾದರೆ ಒಟ್ಟು 25 ನಿಮಿಷ ತಡ. ಕ್ಯಾನ್ ಒಯ್ಯುವ ಗಾಡಿ ಅಷ್ಟು ಹೊತ್ತು ಕಾಯುವುದಿಲ್ಲ, ಕಾದರೆ ಮುಂದಿನ ಊರುಗಳ ಹಾಲು ಬಿಸಿಲಿನ ಕಾವಿನಲ್ಲಿಯೇ ನಿಲ್ಲುತ್ತದೆ.

ಕಾರಣ ಊಹಿಸುವುದು ಕಷ್ಟವಾಗಲಿಲ್ಲ. ಎರಡು ದಾರಿಗಳನ್ನು ಹೋಲಿಸುತ್ತಿದ್ದ ದಿನಗಳಲ್ಲಿ ಸರ್ವರ್‌ನ ಉತ್ತರ ಹಿನ್ನೆಲೆಯಲ್ಲಿ, ಚೀಟಿ ಕೈಗೆ ಸೇರಿದ ಮೇಲೆ ಬರುತ್ತಿತ್ತು. ಅದು ತಡವಾದರೂ ಯಾರಿಗೂ ತಟ್ಟುತ್ತಿರಲಿಲ್ಲ. ಅಂತಹ ಹೋಲಿಕೆಯು ಅಂಕಿಗಳ ತಪ್ಪನ್ನು ಹಿಡಿಯುತ್ತದೆಯೇ ಹೊರತು ಮನುಷ್ಯರು ಕಾಯುವ ಹೊತ್ತನ್ನು ತೋರಿಸುವುದಿಲ್ಲ. ಅಷ್ಟರಲ್ಲಿ ಆ ಡೈರಿಯ ಕಾರ್ಯದರ್ಶಿಗಳ ಫೋನ್ ಬಂತು. “ಸಾರ್, ಚೀಟಿ ಬರ್ತಾ ಇದೆ, ಆದ್ರೆ ಸಾಲು ಮುಂದಕ್ಕೆ ಹೋಗ್ತಾ ಇಲ್ಲ” ಎಂದರು.

ಯಾವ ಹಂತದಲ್ಲಿ ಹಿಂದೆ ಸರಿಯಬೇಕೆಂಬುದನ್ನು ಮೊದಲೇ ಬರೆದಿಟ್ಟಿದ್ದೆವು: ಯಾವುದೇ ಒಂದು ಡೈರಿಯಲ್ಲಿ ಸತತ ಹತ್ತು ಚೀಟಿಗಳ ಅಂತರವು ವಾಡಿಕೆಗಿಂತ ಕಾಲು ಭಾಗ ಹೆಚ್ಚಾದರೆ ಚರ್ಚೆಯಿಲ್ಲದೆ ಆಫ್. ಆಫ್ ಮಾಡಿದೆವು. ಪಟ್ಟಣದ ಡೈರಿಯೂ ಶಿಡ್ಲಘಟ್ಟದ ಕಡೆಯದೂ ಕೆಲವೇ ಕ್ಷಣಗಳಲ್ಲಿ ಹಳೆಯ ದಾರಿಗೆ ಮರಳಿದವು. ಇಲ್ಲಿಯೇ ಈ ವಿಧಾನದ ನಿಜವಾದ ತೊಡಕು ಇರುವುದು: ನೆಟ್‌ವರ್ಕ್ ದುರ್ಬಲವಾಗಿರುವುದರಿಂದ ತೊಂದರೆಗೆ ಸಿಕ್ಕ ಯಂತ್ರಕ್ಕೆ, ಅದೇ ಕಾರಣದಿಂದ, ಆಫ್ ಆಗಿರುವ ಸುದ್ದಿ ಎಲ್ಲರಿಗಿಂತ ಕೊನೆಗೆ ತಲುಪುತ್ತದೆ. ಇದಕ್ಕಾಗಿಯೇ ನಾವು ಆನ್ ಎಂಬ ಸ್ಥಿತಿಗೆ ಎರಡೇ ನಿಮಿಷದ ಆಯುಸ್ಸು ಕೊಟ್ಟಿದ್ದೆವು. ಯಂತ್ರವು ಎರಡು ನಿಮಿಷಕ್ಕೊಮ್ಮೆ ಸರ್ವರ್‌ನಿಂದ ಅದನ್ನು ನವೀಕರಿಸಿಕೊಳ್ಳಬೇಕು. ಉತ್ತರ ಸಿಗದಿದ್ದರೆ ತಾನಾಗಿಯೇ ಹಳೆಯ ದಾರಿಗೆ ಮರಳಬೇಕು, ಮರಳಿದ ಮೇಲೆ ಆ ಹೊತ್ತಿನ ಅಳತೆ ಮುಗಿಯುವವರೆಗೂ ಅಲ್ಲಿಯೇ ಇರಬೇಕು. ಇಲ್ಲದಿದ್ದರೆ ನೆಟ್‌ವರ್ಕ್ ಬಂದಾಗೊಮ್ಮೆ ಹೊಸದು, ಹೋದಾಗೊಮ್ಮೆ ಹಳೆಯದು ಎಂದು ಓಲಾಡುತ್ತದೆ. ಗುಡ್ಡದ ಡೈರಿಯು ಆಫ್ ಆದೇಶವನ್ನು ಪಡೆದು ಮರಳಿತೋ ಆಯುಸ್ಸು ತೀರಿ ಮರಳಿತೋ ಎಂದು ದಾಖಲೆ ನೋಡಿದೆವು: ಆಯುಸ್ಸು ತೀರಿಯೇ ಮರಳಿತ್ತು. ಅಂತರ ಮತ್ತೆ 50 ಸೆಕೆಂಡಿನ ಆಸುಪಾಸಿಗೆ ಇಳಿಯಿತು, ಗಾಡಿ ಹೊರಡುವುದರೊಳಗೆ ಸಾಲು ಕರಗಿತು.

ಫ್ಲ್ಯಾಗ್ ಆಫ್ ಮಾಡಿದರೆ ಕೋಡ್ ಹಿಂದಕ್ಕೆ ಹೋಗುತ್ತದೆ, ಆದರೆ ಅಷ್ಟರಲ್ಲಿ ಬರೆದ ಚೀಟಿಗಳು ಹೋಗುವುದಿಲ್ಲ. ಆ ರಾತ್ರಿ `path` ಗುರುತಿನಿಂದ ಹೊಸ ದಾರಿಯ ಚೀಟಿಗಳನ್ನಷ್ಟೇ ಬೇರ್ಪಡಿಸಿ, ಹಳೆಯ ಪಟ್ಟಿಯಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದೆವು, ಒಂದರಲ್ಲೂ ವ್ಯತ್ಯಾಸವಿರಲಿಲ್ಲ. ಹೊಸ ದಾರಿಯು ಚೀಟಿಯನ್ನು ಹಳೆಯ ಕೋಡ್ ಓದಲಾಗದ ರೂಪದಲ್ಲಿ ಬರೆದಿದ್ದರೆ ಫ್ಲ್ಯಾಗ್ ನಮ್ಮನ್ನು ಕಾಪಾಡುತ್ತಿರಲಿಲ್ಲ. ಹಾಗೆಯೇ ಹಳೆಯ ಪಟ್ಟಿಯೂ ಜೀವಂತವಾಗಿರಬೇಕು: ಈ ನಡುವೆ ದರ ಪರಿಷ್ಕರಣೆಯಾಗಿ ಅದನ್ನು ಪರಿಷ್ಕರಿಸದೆ ಬಿಟ್ಟಿದ್ದರೆ, ಹಿಂದೆ ಸರಿಯುವುದೇ ರೈತರಿಗೆ ನಷ್ಟ ತರುತ್ತಿತ್ತು.

ಅನಂತರ ಹೊಸ ದಾರಿಯನ್ನು ತಿದ್ದಿ, ಅಳತೆ ಶುರುವಾಗುವ ಮೊದಲು ಒಮ್ಮೆ ಮಾತ್ರ ದರಪಟ್ಟಿಯನ್ನು ಸರ್ವರ್‌ನಿಂದ ತಂದಿಟ್ಟುಕೊಳ್ಳುವಂತೆ ಮಾಡಿ, ಅದೇ ಮೂರು ಡೈರಿಗಳಿಂದ ಮತ್ತೆ ಆರಂಭಿಸಿದೆವು. ಚೀಟಿಯಲ್ಲಿ ಕಾಣದ ತಪ್ಪು ಬಟವಾಡೆಯ ಮೊತ್ತದಲ್ಲಿ ಕಾಣಬಹುದಾದ್ದರಿಂದ, ಒಂದು ಬಟವಾಡೆ ಪೂರ್ತಿ ಮುಗಿಯುವವರೆಗೂ ಸಂಖ್ಯೆ ಹೆಚ್ಚಿಸಲಿಲ್ಲ.

ಎಲ್ಲ ಡೈರಿಗಳಿಗೂ ತಲುಪಿದ ಮೇಲೆ ಹಳೆಯ ಕೋಡನ್ನೂ ಫ್ಲ್ಯಾಗನ್ನೂ ತೆಗೆದುಹಾಕಬೇಕೆಂದು ನಾನು ಪಟ್ಟುಹಿಡಿದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರ ಸಂಸ್ಥೆಯು ಹಿಂದೆ ಬೇರೊಂದು ಕೆಲಸಕ್ಕಿದ್ದ ಫ್ಲ್ಯಾಗನ್ನೇ ಹೊಸ ಕೋಡಿಗೆ ಬಳಸಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ, ಅಲ್ಲಿ ವರ್ಷಗಟ್ಟಲೆ ಮಲಗಿದ್ದ ಹಳೆಯ ಕೋಡ್ ಎದ್ದು ಖರೀದಿ ಮಾರಾಟಗಳ ಮಳೆ ಸುರಿಸಿತು. ಗಾಬರಿಯಲ್ಲಿ ಉಳಿದ ಏಳರಿಂದ ಹೊಸ ಕೋಡನ್ನು ಹಿಂತೆಗೆದಾಗ ಅವುಗಳಲ್ಲೂ ಅದೇ ಹಳೆಯ ಕೋಡ್ ಓಡತೊಡಗಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 44 ಕೋಟಿ ಡಾಲರ್‌ಗೂ ಹೆಚ್ಚು. ನಾವು ಹಳೆಯ ಪಟ್ಟಿಯ ಕೋಡನ್ನು ಅಳಿಸಿ, `server_rate` ಎಂಬ ಹೆಸರನ್ನು ಇನ್ನೆಂದೂ ಬಳಸಬಾರದ ಹೆಸರುಗಳ ಪಟ್ಟಿಗೆ ಸೇರಿಸಿದೆವು.