ಹಸಿರು ಬಾಗಿಲಿನ ಒಳಮೂಲೆಗಳು

ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯ ಅಡುಗೆಕೋಣೆಯ ಹಸಿರು ಬಾಗಿಲನ್ನು ಒಂದೂ ಚಿತ್ರವನ್ನು ಬಳಸದೆ, ಲೆಕ್ಕದಿಂದಲೇ ಬಣ್ಣ, ಒರಟುತನಗಳನ್ನು ಹುಟ್ಟಿಸುವ ನೋಡ್‌ಗಳಿಂದ ಮಾತ್ರ, ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಕಟ್ಟುವ ಕೆಲಸ ಮುಂಗಾರು ಹಿಡಿದಾಗಿನಿಂದ ನಡೆದಿದೆ. ಚಿಲಕದ ಉಜ್ಜಿದ ಕಬ್ಬಿಣ ಒಂದೇ ಸಂಜೆಯಲ್ಲಿ ಮುಗಿಯಿತು. ನಾಯ್ಸ್ ಎಂಬ ಯಾದೃಚ್ಛಿಕ ಏರಿಳಿತದ ವಿನ್ಯಾಸವನ್ನು ಒಂದು ದಿಕ್ಕಿಗೆ ಬಹಳ ಉದ್ದವಾಗಿ ಎಳೆದು ಒರಟುತನಕ್ಕೆ ಜೋಡಿಸಿದರೆ ಅಷ್ಟು ಸಣ್ಣ ವಸ್ತುವಿಗೆ ಸಾಕಾಗುತ್ತದೆ. ಅಕ್ಷದಿಂದ ಇರುವ ದೂರವನ್ನು ಉಂಗುರಗಳನ್ನಾಗಿ ಮಾಡಿ, ಅದನ್ನು ನಾಯ್ಸ್‌ನಿಂದ ಸ್ವಲ್ಪ ಅಲುಗಿಸಿ ಪಡೆದ ಮರದ ಎಳೆಯೂ ಹೆಚ್ಚು ಕಾಡಲಿಲ್ಲ. ಮೂರು ವಾರ ತಿಂದದ್ದು ಸವೆದ ಬಣ್ಣ.

ಅಂಚುಗಳಲ್ಲಿ ಬಣ್ಣ ಮೊದಲು ಹೋಗುವುದರಿಂದ ಅಂಚನ್ನು ಗುರುತಿಸುವ ಮುಸುಕೊಂದು ಬೇಕು. ಮೇಲ್ಮೈಯ ಉಬ್ಬುತಗ್ಗನ್ನು ಅಳೆಯುವ, `Geometry` ನೋಡ್‌ನ `Pointiness` ಇಲ್ಲಿ ಕೈಕೊಟ್ಟಿತು. ಅದರ ಲೆಕ್ಕ ಶೃಂಗಗಳ ಮೇಲೆ ನಡೆಯುತ್ತದೆ, ನನ್ನ ಬಾಗಿಲಿನಲ್ಲಾದರೋ ಮೂಲೆಗಳನ್ನು ಬಿಟ್ಟರೆ ಬೇರೆ ಶೃಂಗಗಳೇ ಇಲ್ಲ. ಆದ್ದರಿಂದ ಅಂಚುಗಳು ದುಂಡಗಿರುವಂತೆ ತೋರಿಸುವ `Bevel` ನೋಡ್‌ಗೆ 4 ಮಿ.ಮೀ. ತ್ರಿಜ್ಯ ಕೊಟ್ಟು, ಅದರ ನಾರ್ಮಲ್, ಅಂದರೆ ಮೇಲ್ಮೈ ಮುಖಮಾಡಿರುವ ದಿಕ್ಕು, ಮತ್ತು ಮೇಲ್ಮೈಯ ನಿಜವಾದ ನಾರ್ಮಲ್‌ಗಳ ಡಾಟ್ ಗುಣಲಬ್ಧವನ್ನು ತೆಗೆದುಕೊಂಡೆ. ಸಮತಟ್ಟಾದ ಜಾಗದಲ್ಲಿ ಎರಡೂ ಒಂದೇ ದಿಕ್ಕಿಗಿರುವುದರಿಂದ ಉತ್ತರ 1. ಲಂಬಕೋನದ ಅಂಚಿನ ತುದಿಯಲ್ಲಿ ದುಂಡಾದ ನಾರ್ಮಲ್ 45 ಡಿಗ್ರಿ ವಾಲಿರುವುದರಿಂದ ಸುಮಾರು 0.71. ಈ ನಡುವಿನ ವ್ಯಾಪ್ತಿಯನ್ನು 0 ಮತ್ತು 1ಕ್ಕೆ ಹಿಗ್ಗಿಸಿದಾಗ ಚೊಕ್ಕವಾದ ಅಂಚು ಸಿಕ್ಕಿತು.

ಆದರೂ ಬಾಗಿಲು ಸುಳ್ಳು ಹೇಳುತ್ತಿತ್ತು. ಎಲ್ಲಿ ತಪ್ಪಿದೆ ಎಂದು ನನಗೆ ಹೊಳೆಯಲಿಲ್ಲ. ಪರದೆಯ ಮುಂದೆ ಒಂದು ನಿಮಿಷ ನಿಂತು ನೋಡಿದ ದೊಡ್ಡಪ್ಪನವರು, "ಹಲಗೆಯ ಒಳಮೂಲೆಯಲ್ಲಿ ಬಣ್ಣ ಹೇಗಪ್ಪಾ ಹೋಗುತ್ತದೆ? ನಾನು ಬಳಿಯುವಾಗಲೆಲ್ಲ ಅಲ್ಲಿಯೇ ದಪ್ಪವಾಗಿ ಕೂತುಕೊಳ್ಳುತ್ತಿತ್ತು," ಎಂದರು. ಕಾರಣ ಆಗ ತಿಳಿಯಿತು. `Bevel` ಉಬ್ಬಿದ ಅಂಚನ್ನೂ ತಗ್ಗಿದ ಮೂಲೆಯನ್ನೂ ಒಂದೇ ರೀತಿ ದುಂಡಗೆ ಮಾಡುತ್ತದೆ, ಡಾಟ್ ಗುಣಲಬ್ಧಕ್ಕೂ ಅವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಹೀಗಾಗಿ ಚೌಕಟ್ಟಿಗೆ ಹಲಗೆ ಸೇರುವ, ಯಾರ ಕೈಯೂ ತಾಗದ ಸಂದಿಯಲ್ಲಿ ಬರಿಯ ಮರ ಕಾಣುತ್ತಿತ್ತು.

ಎರಡನ್ನೂ ಬೇರ್ಪಡಿಸಲು, ಒಂದು ಬಿಂದುವಿನ ಸುತ್ತ ಎಷ್ಟು ಜಾಗ ತೆರೆದಿದೆ ಎಂದು ಅಳೆಯುವ `Ambient Occlusion` ನೋಡ್ ನೆರವಾಯಿತು. ಲಂಬಕೋನದ ಒಳಮೂಲೆಯಲ್ಲಿ ಅರ್ಧ ಆಕಾಶ ಮುಚ್ಚಿಹೋಗುವುದರಿಂದ ಅಲ್ಲಿ ಅದರ `AO` ಬೆಲೆ ಸುಮಾರು 0.5 ಇರುತ್ತದೆ, ಸಮತಟ್ಟಿನಲ್ಲಿಯೂ ಹೊರ ಅಂಚಿನಲ್ಲಿಯೂ 1. ಅದರ ದೂರವನ್ನು 12 ಮಿ.ಮೀ. ಇಟ್ಟೆ. `Bevel` ತ್ರಿಜ್ಯದಷ್ಟೇ ಇಟ್ಟಾಗ ಮೂಲೆಯಿಂದ ಕೂದಲೆಳೆಯಷ್ಟು ಈಚೆಗೆ ತೆಳುವಾದ ಬಿಳಿ ಗೆರೆಯೊಂದು ಉಳಿಯುತ್ತಿತ್ತು. ಪಕ್ಕದ ಗೋಡೆಯ ನೆರಳು ಲೆಕ್ಕಕ್ಕೆ ಬರದಂತೆ `Only Local` ಆಯ್ಕೆಯನ್ನೂ ಹಾಕಬೇಕು.

```
edge = map_range(dot(N, N_bevel), 1.0, 0.71, 0, 1)
open = map_range(AO, 0.6, 0.95, 0, 1)
m    = max(edge * open, foot) + (noise - 0.5) * 0.6
bare = m > 0.5
```

ನಾಯ್ಸ್ ಅನ್ನು ಹೊಸ್ತಿಲ ಬೆಲೆಗೆ ಹೋಲಿಸುವ ಮೊದಲೇ ಕೂಡಿಸಬೇಕು. ಹೋಲಿಸಿದ ಮೇಲೆ ಗುಣಿಸಿದರೆ ಬಣ್ಣ ಅರೆಪಾರದರ್ಶಕವಾಗಿ ಮಸುಕಾಗುತ್ತದೆಯೇ ಹೊರತು ಹರಿದ ಅಂಚು ಬರುವುದಿಲ್ಲ.

ಮೇಲಿನ `foot` ಬಾಗಿಲಿನ ಬುಡವನ್ನು ಗುರುತಿಸುವ ಮುಸುಕು, ಅದು ಕೊಡಗಿನ ಮಳೆಯ ಪಾಲು. ಅಂಗಳದ ಕಡೆಗೆ ತೆರೆಯುವ ಬಾಗಿಲಿನ ಕೆಳಗಿನ ಒಂದಡಿಗೆ ನೀರು ಸಿಡಿದು ಮರ ಉಬ್ಬಿ ಕುಗ್ಗುತ್ತಿರುತ್ತದೆ. ಕೈ ತಾಗುವ ಕಡೆ ಬಣ್ಣ ನಯವಾಗಿ ಸವೆದರೆ ಇಲ್ಲಿ ಅದು ನಾರಿನ ಉದ್ದಕ್ಕೆ ಬಿರಿದು ಸಿಪ್ಪೆಯೇಳುತ್ತದೆ. ಅದಕ್ಕಾಗಿ ಈ ಭಾಗದ ನಾಯ್ಸ್ ಅನ್ನು ಎಳೆಯ ದಿಕ್ಕಿನಲ್ಲಿ ಹನ್ನೆರಡು ಪಟ್ಟು ಎಳೆದಿದ್ದೇನೆ. ಅಡ್ಡಪಟ್ಟಿಯಲ್ಲಿ ನಾರು ಅಡ್ಡಲಾಗಿ ಓಡುವುದರಿಂದ ಸಿಪ್ಪೆಯೂ ಅಡ್ಡವಾಗಿರಬೇಕು. ಪಟ್ಟಿಗಳನ್ನು ಬೇರೆ ಬೇರೆ ವಸ್ತುಗಳನ್ನಾಗಿ ಒಡೆದರೆ ಇದು ಸುಲಭ, ಆದರೆ ಆಗ `Bevel` ಮತ್ತು `Only Local` ಎರಡಕ್ಕೂ ನೆರೆಯ ಹಲಗೆ ಕಾಣುವುದಿಲ್ಲ. ಕೊನೆಗೆ ಎಲ್ಲವನ್ನೂ ಒಂದೇ ವಸ್ತುವಾಗಿ ಉಳಿಸಿಕೊಂಡು, ದಿಕ್ಕನ್ನು ಮುಖಗಳ ಮೇಲೆ `dir` ಎಂಬ ಅಟ್ರಿಬ್ಯೂಟ್ ಆಗಿ ಬರೆದಿಟ್ಟೆ.

`Bevel` ಮತ್ತು `Ambient Occlusion` ನೋಡ್‌ಗಳೆರಡೂ ಪ್ರತಿ ಬಿಂದುವಿನಿಂದ ಹೆಚ್ಚುವರಿ ಕಿರಣಗಳನ್ನು ಎಸೆಯುವುದರಿಂದ ಬ್ಲೆಂಡರ್‌ನ ರೆಂಡರ್ ಎಂಜಿನ್ ಆದ ಸೈಕಲ್ಸ್ ನಿಧಾನವಾಗುತ್ತದೆ. ಇದನ್ನು ಯೋಚಿಸಿಯೇ ನಾನು 12 ಜಿಬಿ ಗ್ರಾಫಿಕ್ಸ್ ಕಾರ್ಡ್‌ಗೆ ಹಣ ಕಟ್ಟಿದ್ದೆ. ವ್ಯಾಪಾರಿ ಇಪ್ಪತ್ತು ದಿನ ಕಾಯಿಸಿ, 8 ಜಿಬಿಯ, ಹಿಂದಿನ ಪೀಳಿಗೆಯ ಕಾರ್ಡನ್ನು ಕಳುಹಿಸಿದರು. ಅದನ್ನು ಹಿಂದಿರುಗಿಸುವ ಖರ್ಚೂ ನನ್ನದೇ ಎನ್ನುತ್ತಿದ್ದಾರೆ. ಇದು ನ್ಯಾಯವಲ್ಲ. ಸದ್ಯಕ್ಕೆ ಮುಸುಕನ್ನು ಒಮ್ಮೆ ಚಿತ್ರವಾಗಿ ಬೇಕ್ ಮಾಡಿಕೊಂಡು ಕೆಲಸ ಸಾಗಿಸುತ್ತಿದ್ದೇನೆ, ಆದರೆ ಚಿತ್ರವಿಲ್ಲದೆ ಕಟ್ಟಬೇಕೆಂಬ ಸಂಕಲ್ಪಕ್ಕೆ ಅದು ಒಪ್ಪುವುದಿಲ್ಲ.

ಮುಂದಿನದು ಕೊಡವರ ಬಾಗಿದ ಕತ್ತಿಯಾದ ಒಡಿಕತ್ತಿ. ಚಿಲಕದ ಉಪಾಯ ಅದರ ಅಗಲವಾದ ಅಲಗಿಗೆ ಸಾಲದು. ಸಾಣೆಯ ಗೀರುಗಳು ಬಾಗಿದ ಅಂಚನ್ನು ಅನುಸರಿಸಿ ತಿರುಗಬೇಕು, ಬೆಳಕಿನ ಹೊಳಪು ಆ ಗೀರುಗಳಿಗೆ ಅಡ್ಡಲಾಗಿ ಚಾಚಬೇಕು. ಗೀರುಗಳ ದಿಕ್ಕನ್ನು ಕೊಡುವ `Tangent` ನೋಡ್ ಮೊದಲಿಗೆ `Radial` ಆಗಿರುತ್ತದೆ. ಅದನ್ನು `UV Map`ಗೆ ಬದಲಿಸಿ, ಅಲಗಿನ ಯುವಿಯನ್ನು, ಅಂದರೆ ಅದರ ಮೇಲ್ಮೈಯ ಸಮತಟ್ಟಾದ ನಕ್ಷೆಯನ್ನು, ನೇರವಾದ ಪಟ್ಟಿಯಾಗಿ ಬಿಡಿಸಿಕೊಳ್ಳುವುದರಿಂದ ಆರಂಭಿಸುತ್ತೇನೆ.