ಒತ್ತಕ್ಷರಕ್ಕೂ ಜಾಗ ಬೇಕು

ಧಾರವಾಡದಲ್ಲಿ ಜಿಟಿಜಿಟಿ ಮಳೆ. ಇಂಗ್ಲಿಷ್ ಕಾಮಿಕ್ಸ್ ಒಂದನ್ನು ಕನ್ನಡಕ್ಕೆ ತರುತ್ತಾ, ನಾನು ಅದರ ಒಂದು ಮಾತಿನ ಗುಳ್ಳೆ ಹಿಡಿದು ಕೂತಿದ್ದೇನೆ. ಇಂಗ್ಲಿಷ್ ಅಕ್ಷರ ಅಳಿಸೋದು ಸುಲಭ: ಮೇಲೊಂದು ಲೇಯರ್ ಹಾಕಿ ಬಿಳಿ ಬಣ್ಣ ತುಂಬಿದರೆ ಆಯ್ತು. ಅಕ್ಷರ ಗುಳ್ಳೆಯ ಗೆರೆಗೆ ತಾಗಿದ್ದ ಕಡೆ ಮಾತ್ರ ಆ ಗೆರೆಯನ್ನು ಅದೇ ದಪ್ಪದಲ್ಲಿ ಮತ್ತೆ ಎಳೆಯಬೇಕು.

ಕಷ್ಟ ಇರೋದು ಕನ್ನಡ ಕೂರಿಸುವಾಗ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಕೆಳಗೆ ಏನೂ ಇಳಿಬೀಳಲ್ಲ, ಸಾಲುಗಳು ಒತ್ತೊತ್ತಾಗಿ ನಿಲ್ಲುತ್ತವೆ. ಅದೇ ಅಂತರದಲ್ಲಿ ‘ತಡೀರಿ ಅಕ್ಕಾ, / ಸಂತಿಗೆ ನಾನೂ / ಬರ್ತೀನಿ’ ಅಂತ ಬರೆದರೆ, ‘ಕ್ಕಾ’ದ ಒತ್ತು ಕೆಳಗಿನ ಸಾಲಿನ ನೆತ್ತಿಗೇ ತಾಗುತ್ತದೆ. ಅದಕ್ಕೇ ಅಕ್ಷರವನ್ನು ಸ್ವಲ್ಪ ಸಣ್ಣದು ಮಾಡಿ, ಸಾಲಿನ ಅಂತರ ಜಾಸ್ತಿ ಮಾಡಿದೆ. ಉದ್ದನೆಯ ಸಾಲು ನಡುವೆ ಬಂದಿದ್ದರಿಂದ ಗುಳ್ಳೆಯ ದುಂಡಿಗೂ ಹೊಂದಿತು. ಇನ್ನೂ ಸಣ್ಣದು ಮಾಡಿದರೆ ಅಚ್ಚಿನಲ್ಲಿ ಒತ್ತು ಮಸಿಯ ಚುಕ್ಕೆ ಆಗಿಬಿಡುತ್ತದೆ. ಅಂಥ ಕಡೆ ಗುಳ್ಳೆಯನ್ನೇ ದೊಡ್ಡದು ಮಾಡೋದು ವಾಸಿ, ಅಲ್ವಾ?